ಎದ್ದು ಹೋದವರ ವಯಸ್ಸು

ಸರಾಸರಿಯ ಲೆಕ್ಕ ಬರೆಯುವವರ ಮನೆಯಲ್ಲಿ ಅಕ್ಕತಂಗಿಯರು ಇರುವುದಿಲ್ಲವೇ? ಇಷ್ಟು ಜನರ ವಯಸ್ಸಿನ ಸರಾಸರಿ ಇಷ್ಟು, ಅವರಲ್ಲಿ ಒಬ್ಬರು ಹೊರಟುಹೋದರು, ಈಗ ಸರಾಸರಿ ಇಷ್ಟು, ಹಾಗಾದರೆ ಹೋದವರ ವಯಸ್ಸೆಷ್ಟು? ಅಲ್ಲಾ, ಹೋದವರನ್ನು ಸುಮ್ಮನೆ ಹೋಗಲು ಬಿಟ್ಟರೆ ಇವರ ಗಂಟೇನು ಹೋಗುತ್ತದೆ? ಅವರಿಗೊಂದು ಬಸ್ಸಿದೆ, ಮನೆಯಿದೆ. ಬೆನ್ನು ತಿರುಗಿಸಿದ ಕೂಡಲೇ ವಯಸ್ಸು ತೆಗೆಯುವುದು ಯಾವ ಮರ್ಯಾದೆ?

ಇಷ್ಟು ಸಿಟ್ಟು ಮಾಡುವ ನಾನೇ ಆ ಕೆಲಸ ಮಾಡಿದವನು. ಹಾಗಾಗಿ ಈ ಬೈಗುಳದಲ್ಲಿ ಮುಕ್ಕಾಲು ಪಾಲು ನನಗೇ ಇರಲಿ.

ಗೋಕಾಕದ ಬಸ್ ನಿಲ್ದಾಣದ ಹಿಂದೆ ಒಂದು ಕೋಚಿಂಗ್ ಕ್ಲಾಸಿದೆ. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು ಸುತ್ತಲಿಂದ ಬರುತ್ತಾರೆ. ಒಂದೊಂದು ಟೇಬಲ್ಲಿಗೆ ಆರಾರು ಕುರ್ಚಿ. ನಮ್ಮ ಟೇಬಲ್ಲಿನಲ್ಲಿ ಮೂಡಲಗಿಯ ಇಬ್ಬರು, ಅರಭಾವಿಯ ಇಬ್ಬರು, ಧುಪದಾಳದಿಂದ ನಾನು, ಮತ್ತು ಅಕ್ಕಾರು. ಅಕ್ಕಾರು ಕಣಗಲಾದವರು. ಮಗನನ್ನು ಶಾಲೆಗೆ ಕಳಿಸಿ, ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಮೂರು ಗಂಟೆಗೆ ಎದ್ದು ಹೋಗುತ್ತಿದ್ದರು. ನಮ್ಮೆಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವರೂ ಅವರೇ. ವಯಸ್ಸು ಕೇಳಿದರೆ ಮಾತ್ರ, "ನಿನಗಿಂತ ಜಾಸ್ತಿ ಐತಿ ತಮ್ಮಾ, ಓದ್ಕೋ" ಅನ್ನುತ್ತಿದ್ದರು.

ನಮ್ಮ ಸರ್ ಅವರದು ಎರಡು ಪದ್ಧತಿ. ಒಂದು, ಲೆಕ್ಕಕ್ಕೆ ನಮ್ಮನ್ನೇ ಬಳಸುವುದು. ಎರಡು, ಯಾವ ಲೆಕ್ಕವಾದರೂ ಹತ್ತು ಸೆಕೆಂಡಿನಲ್ಲಿ ಶಾರ್ಟ್‌ಕಟ್‌ನಿಂದ ಬಿಡಿಸಬೇಕು. ಉದ್ದ ಗುಣಾಕಾರ ಮಾಡಿದವನನ್ನು ಅವರು ಬಾಗಿಲ ಬಳಿಯ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮೂವತ್ತರ ಹತ್ತಿರದ ಗಂಡಸರು ಬೆಂಚಿನ ಮೇಲೆ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೆಚ್ಚಾಗಿ ಆ ಗಂಡಸು ನಾನೇ ಆಗಿರುತ್ತಿದ್ದೆ.

ಆ ದಿನ ಸರಾಸರಿಯ ಪಾಠ. ಸರ್ ಚೀಟಿ ಹಂಚಿ, "ಹೆಸರ ಬರೀಬ್ಯಾಡ್ರಿ, ಬರೇ ವಯಸ್ಸ ಬರದ ಹಾಕ್ರಿ. ಯಾರದು ಏನಂತ ಯಾರಿಗೂ ಗೊತ್ತಾಗಂಗಿಲ್ಲ" ಎಂದರು. ಅಕ್ಕಾರು ಅದನ್ನು ನಂಬಿ ಬರೆದರು. ನಮ್ಮ ಟೇಬಲ್ಲಿನ ಚೀಟಿಗಳನ್ನು ಕೂಡಿಸಿ ಸರ್ ಹಲಗೆಯ ಮೇಲೆ ಬರೆದರು: ಆರು ಮಂದಿ, ಸರಾಸರಿ ಇಪ್ಪತ್ನಾಲ್ಕು. ಚೀಟಿ ಹರಿದು ಚಹಾ ಕುಡಿಯಲು ಹೋದರು. ಮೂರಾಯಿತು, ಅಕ್ಕಾರೂ ಹೋದರು.

ಆಗ ನನ್ನ ತಲೆಯಲ್ಲಿ ಹುಳ ಹರಿದಾಡಿತು. ನನ್ನನ್ನೂ ಸೇರಿಸಿ ಉಳಿದ ಐವರ ಚೀಟಿ ಮತ್ತೆ ಬರೆಸಿದೆ. ಸರಾಸರಿ ಇಪ್ಪತ್ತೆರಡು ಬಂತು. ಇಡೀ ಕ್ಲಾಸು ನನ್ನನ್ನೇ ನೋಡುತ್ತಿತ್ತು. ಹಲಗೆಯ ಮುಂದೆ ನಿಂತಾಗ ನಾನು ಕನಿಷ್ಠ ಒಂದು ಜಿಲ್ಲೆಯ ಕಲೆಕ್ಟರ್ ಆಗಿದ್ದೆ. ಎರಡು ಇಳಿಯಿತು, ಆರು ಮಂದಿ, ಆರೆರಡ್ಲೆ ಹನ್ನೆರಡು. ಹಳೆಯ ಇಪ್ಪತ್ನಾಲ್ಕಕ್ಕೆ ಹನ್ನೆರಡು ಕೂಡಿಸಿದೆ.

"ಮೂವತ್ತಾರು!" ಎಂದು ಕೂಗಿದೆ. "ಎಂಟ ಸೆಕೆಂಡನ್ಯಾಗ!"

ಎಲ್ಲರೂ ನಕ್ಕರು. ಮೂಡಲಗಿಯವನೊಬ್ಬ ಮಾತ್ರ ನಗಲಿಲ್ಲ. "ಲೇ, ನಾವ್ ಹಾಕೂ ಅರ್ಜಿಗೆ ಮೂವತ್ತೈದ ಲಿಮಿಟ್ ಅಲ್ಲೇನಲೇ?"

ಸರ್ ಚಹಾ ಮುಗಿಸಿ ಬಂದರು, ಹಲಗೆ ನೋಡಿದರು. ಅವರು ಗಣಿತದ ಮಾಸ್ತರು. ಎಣಿಸಬಹುದಿತ್ತು. ಎಣಿಸಲಿಲ್ಲ. "ಅಯ್ಯ, ಅಕ್ಕಾರಿಗೆ ವಯಸ್ಸ ಮೀರೇತೇನ? ಹಂಗಾರ ಇಲ್ಲಿ ಕುಂತ ಏನ್ ಮಾಡ್ತಾರ?" ಎಂದರು. ಕುರ್ಚಿಗಾಗಿ ಒಂದು ತಿಂಗಳಿಂದ ಕಾಯುತ್ತಿದ್ದವನಿಗೆ ಫೋನು ಮಾಡಿ, ನಾಳೆಯಿಂದ ಬಾ ಎಂದರು. ಹೆಂಗಸೊಬ್ಬಳ ಓದು ಮುಗಿಯಲು ಒಂದು ಚಾಕ್‌ಪೀಸ್ ಸಾಕಾಯಿತು. ಅಕ್ಕಾರನ್ನು ಒಂದು ಮಾತು ಕೇಳೋಣ ಎಂದು ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಮರುದಿನ ಅಕ್ಕಾರು ಬಂದಾಗ ಅವರ ಕುರ್ಚಿಯಲ್ಲಿ ಹೊಸಬ ಕುಳಿತಿದ್ದ. ಅವರ ಪುಸ್ತಕಗಳು ಕಿಟಕಿಯ ಕಟ್ಟೆಯ ಮೇಲಿದ್ದವು.

"ಯಾಕ್ರಿ ಸರ?"

ಸರ್ ಹಲಗೆಯ ಕಡೆ ಕೈ ಮಾಡಿದರು. ಲೆಕ್ಕ ಇನ್ನೂ ಹಾಗೇ ಇತ್ತು. "ಅರ್ಜಿ ಹಾಕಾಕ ಬರಂಗಿಲ್ಲಲ್ರಿ ಅಕ್ಕಾರ. ಸುಮ್ನ ಯಾಕ ದಿನಾ ಬಸ್ಸಿನ್ಯಾಗ ತ್ರಾಸ ತಗೋತೀರಿ?"

ಅಕ್ಕಾರು ಹಲಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದೆ.

"ನನ್ನ ವಯಸ್ಸ ನನ್ನ ಕೇಳಾಕ ಬಾಯಿ ಇರಲಿಲ್ಲೇನ್ರಿ ನಿಮಗ?" ಎಂದು ಚಾಕ್ ತೆಗೆದುಕೊಂಡರು. ನಮ್ಮ ಕ್ಲಾಸಿನಲ್ಲಿ ಯಾರೂ ಮಾಡಬಾರದ ಕೆಲಸ ಮಾಡಿದರು: ಉದ್ದಕ್ಕೆ ಗುಣಿಸಿದರು. ಆರು ಮಂದಿಗೆ ಇಪ್ಪತ್ನಾಲ್ಕರಂತೆ ನೂರಾ ನಲವತ್ನಾಲ್ಕು. ಐದು ಮಂದಿಗೆ ಇಪ್ಪತ್ತೆರಡರಂತೆ ನೂರಾ ಹತ್ತು. ಕಳೆದರೆ ಮೂವತ್ನಾಲ್ಕು.

"ಆರೆರಡ್ಲೆ ಹನ್ನೆರಡನ್ನ ಹೊಸಾ ಸರಾಸರಿಗೆ ಕೂಡಸಬೇಕು ತಮ್ಮಾ. ಹಳೇದಕ್ಕ ಕೂಡಸೂದಿದ್ರ ಉಳದ ಐದು ಮಂದೀನ ಹಿಡೀಬೇಕು, ಹತ್ತ ಆಗ್ತೈತಿ. ಹೆಂಗ ಮಾಡಿದ್ರೂ ಮೂವತ್ನಾಕ. ನೀ ಇದರ ತಲಿ ಅದಕ್ಕಿಟ್ಟಿ."

ಸರ್ ನಗುತ್ತಾ ನನ್ನ ಕಡೆ ತಿರುಗಿದರು. "ಲೇ ಮಂಗ್ಯಾ, ಇದನ್ನೇನ ನಾ ಕಲಿಸಿದ್ದು?" ಆಮೇಲೆ ಮೆತ್ತಗೆ, "ಆದ್ರೂ ಅಕ್ಕಾರ, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಒಂದ ತೋರ್ಸಿಬಿಡ್ರಿ. ಖಾತ್ರಿ ಆಗ್ತೈತಿ."

ಈ ಮಾತಿಗೆ ನನಗೆ ಮೈ ಉರಿಯಿತು. ತಪ್ಪು ಲೆಕ್ಕಕ್ಕೆ ಯಾವ ಕಾರ್ಡೂ ಬೇಕಾಗಿರಲಿಲ್ಲ, ಸರಿಯಾದದ್ದಕ್ಕೆ ಬೇಕಂತೆ! ಅಕ್ಕಾರನ್ನು ಹೇಗಾದರೂ ಬಚಾವು ಮಾಡಬೇಕೆಂದು ಎದ್ದು ನಿಂತೆ. ಲೆಕ್ಕವೇ ಸುಳ್ಳೆಂದಾದರೆ ಅಕ್ಕಾರ ವಯಸ್ಸು ಮತ್ತೆ ಗುಟ್ಟಾಗುತ್ತದೆ ಎನ್ನುವುದು ನನ್ನ ಮಹಾ ಉಪಾಯ.

"ಸರ, ಈ ಲೆಕ್ಕನ ನಂಬಬ್ಯಾಡ್ರಿ. ನಾ ಚೀಟಿಯೊಳಗ ಇಪ್ಪತ್ತೆರಡ ಬರದೇನಿ. ಖರೇ ಅಂದ್ರ ನನಗ ಇಪ್ಪತ್ತಾರು."

ಕ್ಲಾಸು ಮತ್ತೆ ನಕ್ಕಿತು. ಅಕ್ಕಾರು ನಗಲಿಲ್ಲ.

"ಎರಡೂ ಸಲ ಇಪ್ಪತ್ತೆರಡ ಬರದೀಯೇನ?"

"ಹೌದ್ರಿ."

"ಹಂಗಾರ ನಿನ್ನ ಸುಳ್ಳು ಆರು ಮಂದಿ ಒಟ್ಟಿನ್ಯಾಗೂ ಐತಿ, ಐದು ಮಂದಿ ಒಟ್ಟಿನ್ಯಾಗೂ ಐತಿ. ಕಳದಾಗ ಹೋತು. ನೀವ್ ಐದೂ ಮಂದಿ ಸುಳ್ಳ ಬರದಿದ್ರೂ ಎರಡೂ ಸಲ ಒಂದ ಸುಳ್ಳ ಬರದ್ರ ಸಾಕು, ಎದ್ದ ಹೋದಾಕಿ ವಯಸ್ಸ ಮಾತ್ರ ಖರೇನ ಬರ್ತೈತಿ."

ಈಗಲೂ ನನ್ನನ್ನು ಸುಡುವುದು ಇದೇ ಮಾತು. ಕುಳಿತವನ ಸುಳ್ಳು ಕುಳಿತಲ್ಲೇ ಕರಗಿತು. ನಾಲ್ಕು ವರ್ಷ ನುಂಗಿದ ನಾನು ಕುರ್ಚಿಯಲ್ಲಿ ಆರಾಮಾಗಿದ್ದೆ. ಒಂದು ದಿನವನ್ನೂ ನುಂಗದೆ ಬರೆದವರ ಪುಸ್ತಕ ಕಿಟಕಿಯ ಕಟ್ಟೆಯ ಮೇಲೆ. ಎಂಥ ನ್ಯಾಯದ ಗಣಿತ ಇದು!

"ಕಾರ್ಡ್ ನಾ ಅರ್ಜಿ ಹಾಕೂವಾಗ ತೋರ್ಸ್ತೇನ್ರಿ ಸರ, ಕೇಳೂ ಹಕ್ಕ ಇದ್ದವರಿಗೆ. ನಿಮಗಲ್ಲ. ನನ್ನ ಕುರ್ಚಿ ಎಲ್ಲೈತಿ?"

ಸರ್ ಹೊಸಬನನ್ನು ನೋಡಿದರು. ಹೊಸಬ ತನ್ನ ಚೀಲವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. ಅವನದೇನು ತಪ್ಪು? ನಾನು ನನ್ನ ಪುಸ್ತಕ ಎತ್ತಿಕೊಂಡು ಎದ್ದೆ. ಅದು ತ್ಯಾಗವೇನಲ್ಲ. ಇಡೀ ಕ್ಲಾಸು ಹಾಗೆ ನೋಡುತ್ತಿರುವಾಗ ಕೂರಲು ನನ್ನಿಂದ ಆಗಲಿಲ್ಲ, ಅಷ್ಟೇ. ಅಕ್ಕಾರು ನನ್ನ ಕುರ್ಚಿಯಲ್ಲಿ ಕುಳಿತರು. ನಾನು ಬಾಗಿಲ ಬಳಿಯ ಬೆಂಚಿಗೆ ಹೋದೆ. ಅದರ ಮೇಲೆ ನಿಂತು ಅಭ್ಯಾಸವಿತ್ತು, ಕುಳಿತದ್ದು ಅಂದೇ ಮೊದಲು.

"ತಮ್ಮಾ," ಎಂದರು ಅಕ್ಕಾರು. "ಹಲಗಿ ಒರಸು."

ಮೂವತ್ತಾರು ಒರೆಸಿದೆ, ಮೂವತ್ನಾಲ್ಕು ಒರೆಸಿದೆ.

"ಇಪ್ಪತ್ನಾಕೂ ಒರಸು, ಇಪ್ಪತ್ತೆರಡೂ ಒರಸು. ಎರಡೂ ಉಳದ್ರ ನಾಳೆ ಮತ್ಯಾವನಾರ ಕಳೀತಾನ."

ಒರೆಸಿದೆ. ತಪ್ಪಾಯಿತು ಎಂಬ ಮಾತು ಸರ್ ಬಾಯಿಂದ ಬರುತ್ತದೆಂದು ಡಸ್ಟರ್ ಹಿಡಿದು ಒಂದು ಗಳಿಗೆ ಅಲ್ಲೇ ನಿಂತೆ. ಅವರು ಗಂಟಲು ಸರಿಮಾಡಿಕೊಂಡು, ನಾನೇ ಸ್ವಚ್ಛ ಮಾಡಿಕೊಟ್ಟ ಹಲಗೆಯ ಮೇಲೆ ಮುಂದಿನ ಲೆಕ್ಕ ಬರೆಯತೊಡಗಿದರು: ಗಂಡ ಹೆಂಡತಿಯ ಈಗಿನ ವಯಸ್ಸಿನ ಮೊತ್ತ...