ಒಂಬತ್ತಕ್ಕೆ ಕೊಟ್ಟು ಹನ್ನೆರಡಕ್ಕೆ ತೆಗೆದುಕೊಂಡವನು

ನಮ್ಮವ್ವ ಸರ್ವಮಂಗಳಮ್ಮ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಅಂಗಡಿಯವನು ತೂಕಕ್ಕಿಂತ ನಾಲ್ಕು ಕಾಳು ಹೆಚ್ಚು ಹಾಕಿದರೆ, ಇವನಿಗೇನೋ ಬೇಕಾಗಿದೆ ಎನ್ನುವವಳು. ಅಪ್ಪ ಮುರುಗಪ್ಪ ತದ್ವಿರುದ್ಧ. ಹಿರಿಯೂರಿನ ಉಗ್ರಪ್ಪ ಸಾಹುಕಾರನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ಸಾಹುಕಾರ ನಕ್ಕರೆ ತಾನೂ ನಗುವವನು.

ಮದುವೆಯಾದ ಎರಡನೇ ವರ್ಷ, ೧೯೧೬ರಲ್ಲಿ, ಅದೇ ಸಾಹುಕಾರನಿಂದ ಶೇಕಡ ಒಂಬತ್ತರ ಬಡ್ಡಿಗೆ ನಾನೂರು ರೂಪಾಯಿ ತಂದು ಒಂದು ಮನೆ ಕೊಂಡರು. ಆ ಮನೆಯನ್ನೇ ಸಾಲಕ್ಕೆ ಆಧಾರ ಬರೆದುಕೊಟ್ಟರು. ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಕಟ್ಟಿ, ಊಟ ಬಟ್ಟೆ ಕಳೆದು, ಐದು ರೂಪಾಯಿ ಮಿಗುತ್ತಿತ್ತು. ಅದನ್ನು ಸಾಲಕ್ಕೆ ಕಟ್ಟೋಣವೆಂದು ಅವ್ವ. ಸಾಲ ಇರಲಿ, ಐದು ರೂಪಾಯಿ ಮಂಡಿಯಲ್ಲೇ ಬಿಡು, ಹನ್ನೆರಡರ ಬಡ್ಡಿ ಕೊಡುತ್ತೇನೆ ಎಂದು ಸಾಹುಕಾರ. ಅಪ್ಪ ಹದಿನಾಲ್ಕು ತಿಂಗಳು ಬಿಟ್ಟ, ಪುಣ್ಯಾತ್ಮ.

ಒಂಬತ್ತಕ್ಕೆ ಕೊಟ್ಟವನು ಹನ್ನೆರಡಕ್ಕೆ ಯಾಕೆ ತೆಗೆದುಕೊಳ್ಳುತ್ತಾನೆ? ಅವ್ವನಿಗೆ ಇದೇ ಕೊರೆತ. ಕೊನೆಗೆ ಅಪ್ಪನನ್ನು ಎಳೆದುಕೊಂಡು ಸಹಕಾರ ಸಂಘದ ಏಕಾಂತಪ್ಪನವರ ಜಗುಲಿಗೆ ಹೋದಳು.

ಸಾಲ ಕಟ್ಟಿದರೆ ಲಾಭವೇನೆಂದು ಕೇಳಿದಳು. ಅಸಲಿಗೆ ಕಟ್ಟಿದ ಪ್ರತಿ ನೂರಕ್ಕೂ ವರ್ಷಕ್ಕೆ ಒಂಬತ್ತು ರೂಪಾಯಿ ಉಳಿಯುವುದು ಖಂಡಿತ ಎಂದರು ಅವರು. ಆದರೆ ಕಟ್ಟಿದ ದುಡ್ಡು ಕಾಯಿಲೆ ಕಸಾಲೆಗೆ ವಾಪಸ್ಸು ಸಿಗದು, ಮೊದಲು ಮೂರು ತಿಂಗಳ ಖರ್ಚನ್ನು ಅಂಚೆ ಕಚೇರಿಯಲ್ಲಿಡಿ ಎಂದರು. ಅವ್ವನಿಗೆ ಅವರ ಮೇಲೂ ಗುಮಾನಿ. ನಿಮ್ಮ ಸಂಘದಲ್ಲಿ ಠೇವಣಿ ಇಡಿ ಅನ್ನಲಿಲ್ಲ, ಯಾಕೆ ಎಂದು ಕೇಳಿಯೇಬಿಟ್ಟಳು.

"ನಾವು ಕೊಡಾದು ಆರು, ನೀವು ಕಟ್ಟಾದು ಒಂಬತ್ತು. ಇಡ್ರಿ ಅಂತ ಯಾವ ಬಾಯಾಗೆ ಹೇಳ್ಲಮ್ಮ?"

ಮಂಡಿಯ ಹನ್ನೆರಡಕ್ಕೆ ಕಾಗದವಿದೆಯೇ ಎಂದು ಅವರು ಅಪ್ಪನನ್ನು ಕೇಳಿದರು. ಇರಲಿಲ್ಲ, ಬಾಯಿಮಾತು.

"ಅವನ ದುಡ್ಡಿಗೆ ನಿಮ್ ಮನಿ ಐತೆ. ನಿಮ್ ದುಡ್ಡಿಗೆ ಏನೈತಪ್ಪ?"

ಮಂಡಿಯಲ್ಲಿ ಬಿಟ್ಟ ಎಪ್ಪತ್ತು ರೂಪಾಯಿಯನ್ನೂ ಅಸಲಿಗೆ ಜಮಾ ಮಾಡಿಸಿ, ಆಧಾರಪತ್ರದ ಹಿಂಬದಿಯಲ್ಲಿ ಬರೆಸಿಕೊಳ್ಳಿ ಎಂದು ಕಳಿಸಿದರು. ಅಪ್ಪ ದಾರಿಯುದ್ದಕ್ಕೂ ನಾಲ್ಕು ಹೆಜ್ಜೆ ಹಿಂದೆಯೇ ನಡೆದ.

ಮರುದಿನ ಅವ್ವನೇ ಮಂಡಿಗೆ ಹೋಗಿ ಕೇಳಿದಳು. ಸಾಹುಕಾರ ಕೊಬ್ಬರಿ ಚೂರು ಅಗಿಯುತ್ತಾ, ಎಪ್ಪತ್ತು ವ್ಯಾಪಾರದಲ್ಲಿ ಸಿಕ್ಕಿಕೊಂಡಿದೆ, ಬಂದಾಗ ನೋಡೋಣ ಎಂದ. ಪತ್ರದ ಮಾತಿಗೆ ನಕ್ಕ.

"ಅದು ನನ್ ತಾವ ಎಲ್ಲೈತಮ್ಮ? ದುರ್ಗದ ಸಾಹುಕಾರ್ರಿಗೆ ಮಾರಿ ವರ್ಷದ ಮೇಲಾತು. ಆ ವರ್ಗಾವಣೆ ಪತ್ರ ಬರೆದೋನೇ ನಿನ್ ಗಂಡ."

ಅಪ್ಪ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಮನೆಯಲ್ಲಿ ಹೇಳಬೇಡವೆಂದು ಸಾಹುಕಾರ ಹೇಳಿದ್ದನಂತೆ. ಸಾಲಕ್ಕೆ ಕಟ್ಟಿದರೆ ದುಡ್ಡು ದುರ್ಗಕ್ಕೆ ಹೋಗುತ್ತಿತ್ತು, ಮಂಡಿಯಲ್ಲಿ ಬಿಟ್ಟರೆ ಸಾಹುಕಾರನ ಕೈಗೇ; ಹನ್ನೆರಡರ ಆಸೆ ತೋರಿಸಿದ್ದು ಅದಕ್ಕೆ. ಎಪ್ಪತ್ತು ಕೈಬಿಟ್ಟಿತು, ದುರ್ಗದವರಿಗೆ ನಾನೂರೂ ಹಾಗೇ ಬಾಕಿ.

ಅವ್ವ ಬೈಯಲಿಲ್ಲ. ಮೂರು ತಿಂಗಳಿಗೊಮ್ಮೆ ಗಾಡಿ ಹತ್ತಿ ತಾನೇ ದುರ್ಗಕ್ಕೆ ಹೋಗಿ, ಅಸಲಿಗೆ ಕಟ್ಟಿದ್ದನ್ನು ಪತ್ರದ ಮೇಲೆ ಬರೆಸುವತನಕ ಕದಲುತ್ತಿರಲಿಲ್ಲ. ಏಳು ವರ್ಷದಲ್ಲಿ ಮನೆ ನಮ್ಮದಾಯಿತು. ಆಮೇಲೂ ಅಪ್ಪ ಸಂಬಳ ತಂದು ಕೊಟ್ಟಾಗಲೆಲ್ಲ ಅವನೆದುರಿಗೇ ಎರಡು ಸಲ ಎಣಿಸುತ್ತಿದ್ದಳು. ಎಣಿಸಿ ಮುಗಿಯುವವರೆಗೂ ಅಪ್ಪ ಅಲ್ಲೇ ನಿಂತಿರುತ್ತಿದ್ದ.