ತುಪ್ಪಟದ ಹಾಸಿಗೆ

ಸೂಲಗಿತ್ತಿ ಹೊನ್ನಕ್ಕ ಕೂತ ಕಡೆ ಕೂರುವ ಹೆಂಗಸಲ್ಲ. ಬುಕ್ಕಾಪಟ್ಟಣದ ಆಚೆ, ಕುರಿಗಾಹಿಗಳ ಹಟ್ಟಿಯಲ್ಲಿ ಅರ್ಧಕ್ಕರ್ಧ ಜನ ಅವಳ ಕೈಮೇಲೆ ಭೂಮಿಗೆ ಬಿದ್ದವರೇ. ಕೈಗುಣ ಚಿನ್ನ, ಬಾಯಿ ಮಾತ್ರ ಹಸಿ ಮೆಣಸಿನಕಾಯಿ. ಬಾಣಂತಿ ಮನೆಯಲ್ಲಿ ಗಂಡಸರು ಬೀಡಿ ಹಚ್ಚಿದರೆ, ಊರ ಯಜಮಾನನೇ ಆಗಲಿ, ಆಚೆಗೆ ಅಟ್ಟಿಬಿಡುತ್ತಿದ್ದಳು. ಅಂಥವಳು ಎಪ್ಪತ್ತೊಂಬತ್ತನೇ ಇಸವಿಯ ಮಾಘ ಮಾಸದ ಆ ಮಧ್ಯಾಹ್ನ ಮನೆಯೊಳಗೆ ಹತ್ತು ಸಲ ಎದ್ದಳು, ಹತ್ತು ಸಲ ಕೂತಳು. ಮುದ್ದೆ ಮುರಿದವಳು ಬಾಯಿಗಿಡದೆ ಹಾಗೇ ತಟ್ಟೆ ತಳ್ಳಿದಳು.

ಮೂರು ದಿನದ ಕೆಳಗೆ ಓಬಯ್ಯನ ಮಗಳು ರಾಮಾಂಜಿನಮ್ಮ ತವರಿನಲ್ಲಿ ಚೊಚ್ಚಲ ಗಂಡುಮಗು ಹೆತ್ತಿದ್ದಳು. ಹೆರಿಗೆ ಸಲೀಸಾಗಿತ್ತು. ಇವತ್ತು ಬೆಳಿಗ್ಗೆ ಹೊನ್ನಕ್ಕನೇ ಹೋಗಿ ಕೂಸಿಗೆ ಎರೆದು, ತಾಯಿಯ ಪಕ್ಕದಲ್ಲಿ ಹಲಗೆ ಹಾಕಿ, ಅದರ ಮೇಲೆ ಈಚಲು ಚಾಪೆ, ಚಾಪೆಗೆ ಬಿಗಿಯಾಗಿ ಎಳೆದು ಸಿಕ್ಕಿಸಿದ ಒಂದೇ ಹಳೇ ಪಂಚೆ, ಅಷ್ಟೇ ಮಾಡಿ ಮಗುವನ್ನು ಅಂಗಾತ ಮಲಗಿಸಿ ಬಂದಿದ್ದಳು. ದಿಂಬಿಲ್ಲ, ದುಪ್ಪಟಿಯಿಲ್ಲ. ಬರುವಾಗ ಜಗಲಿಯ ಮೇಲೆ ಓಬಯ್ಯ ಗೋಣಿಚೀಲಕ್ಕೆ ಏನೋ ತುಂಬುತ್ತಿದ್ದ. ಹೊಸದಾಗಿ ಕತ್ತರಿಸಿ ತೊಳೆದು ಒಣಗಿಸಿದ ಕುರಿಮರಿಗಳ ಉಣ್ಣೆ, ಅವರ ಮಾತಿನಲ್ಲಿ ತುಪ್ಪಟ. ಮಾರೋಕಿರಬೇಕು ಅಂದುಕೊಂಡು ಬಂದಿದ್ದಳು. ಈಗ ಆ ಗೋಣಿಚೀಲ ಮತ್ತೆ ಕಣ್ಣಮುಂದೆ ಬಂತು. ಮಾರುವ ತುಪ್ಪಟವನ್ನು ಯಾರಾದರೂ ಕೈಯಲ್ಲಿ ಹಿಂಜಿ ಹಿಂಜಿ ತುಂಬುತ್ತಾರೆಯೇ?

ಆ ಹಟ್ಟಿಯಲ್ಲಿ ಒಂದು ಪದ್ಧತಿಯಿತ್ತು. ಚೊಚ್ಚಲ ಮೊಮ್ಮಗ ತಾಯಿಯ ತವರಿನಲ್ಲಿ ಹುಟ್ಟಿದರೆ, ಆ ವರ್ಷದ ಮರಿಗಳ ಮೊದಲ ತುಪ್ಪಟದಲ್ಲಿ ಹಾಸಿಗೆ ಮಾಡಿ ಅಜ್ಜ ಅದರ ಮೇಲೆ ಕೂಸನ್ನು ಮಲಗಿಸಬೇಕು. ಮಂದೆ ಹೆಚ್ಚುತ್ತದಂತೆ! ಮಂದೆ ಹೆಚ್ಚೋಕೆ ಕೂಸಿನ ಬೆನ್ನೇ ಬೇಕಾ, ಹೇಳಿ ನೀವೇ. ಹೊನ್ನಕ್ಕ ಸೆರಗು ಸಿಕ್ಕಿಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹೊರಟಳು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ನರ್ಸಮ್ಮ ದಾಕ್ಷಾಯಣಮ್ಮನ ಬಟ್ಟೆಗೊಂಬೆ. ಎರಡು ವರ್ಷದ ಹಿಂದೆ ಸಿರಾದಲ್ಲಿ ಸೂಲಗಿತ್ತಿಯರನ್ನೆಲ್ಲ ಕೂರಿಸಿ ಪಾಠ ಹೇಳಿದ್ದರು. ದಾಕ್ಷಾಯಣಮ್ಮ ಗೊಂಬೆಯನ್ನು ಮೆತ್ತನೆ ಹಾಸಿಗೆಯಲ್ಲಿ ಬೋರಲು ಹಾಕಿ, "ನೋಡ್ರಮ್ಮ, ಮುಖ ಇಂಗೆ ಹೂತ್ಕೊಂಡ್ರೆ ತಾನು ಬಿಟ್ಟ ಉಸಿರನ್ನೇ ತಿರುಗಾ ಎಳ್ಕೊಳ್ಳುತ್ತೆ. ಕತ್ತೆತ್ತೋಕೆ ಶಕ್ತಿ ಇರಲ್ಲ. ಅಳೋದೂ ಇಲ್ಲ, ಸದ್ದಿಲ್ದೆ ಹೋಗ್ಬುಡುತ್ತೆ," ಅಂದಿದ್ದರು. ಉಳಿದ ಹೆಂಗಸರು ಲೊಚಗುಟ್ಟಿದರು. ಹೊನ್ನಕ್ಕ ಮಾತ್ರ ಎದ್ದು ಗೋಡೆಯ ಹಿಂದಕ್ಕೆ ಹೋಗಿ ವಾಂತಿ ಮಾಡಿಕೊಂಡಿದ್ದಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಓಬಯ್ಯನ ಮನೆಯ ಬಾಣಂತಿ ಕೋಣೆ ಮುಚ್ಚಿತ್ತು. ಕಿಟಕಿಗೆ ಗೋಣಿ ತುರುಕಿದ್ದರು. ರಾಮಾಂಜಿನಮ್ಮನ ತಾಯಿ ನಾಗಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಈಗಷ್ಟೇ ಮಲಗ್ಯವ್ರೆ ಇಬ್ರೂ. ಸಾಯಂಕಾಲ ಬಾ ಹೊನ್ನಕ್ಕ."

"ಸರಿಯಲೇ ನಾಗಿ!"

ದಬ್ಬಿಕೊಂಡೇ ಒಳಗೆ ಹೋದಳು. ಒಳಗೆ ಕೆಂಡದ ಮಡಕೆ, ಹೊಗೆ, ಉಸಿರು ಕಟ್ಟುವ ಸೆಕೆ. ಆಯಾಸಕ್ಕೆ ರಾಮಾಂಜಿನಮ್ಮ ಮೈಮರೆತು ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಹಲಗೆಯೂ ಇಲ್ಲ, ಚಾಪೆಯೂ ಇಲ್ಲ. ಉಬ್ಬಿದ ತುಪ್ಪಟದ ಹಾಸಿಗೆಯ ನಡುವಿನ ಗುಳಿಯಲ್ಲಿ ಕಂಬಳಿಯ ಗಂಟೊಂದು ಕವುಚಿ ಬಿದ್ದಿತ್ತು. ಕೂಸಿನ ಮುಖ ಕಾಣಲಿಲ್ಲ.

ಅಯ್ಯೋ ಶಿವನೇ! ಎತ್ತಿಕೊಂಡಳು. ಕೈಕಾಲು ನೆಟ್ಟಗೆ ಮಾಡಿ, ಎದೆಯನ್ನೂ ಸೇರಿಸಿ ಹಗ್ಗ ಬಿಗಿದಂತೆ ಸುತ್ತಿದ್ದರು. ಸರಸರ ಬಿಚ್ಚಿದಳು. ಮೈ ಸುಡುತ್ತಿತ್ತು, ಕೂದಲು ಬೆವರಿಗೆ ತೊಯ್ದಿತ್ತು, ತುಟಿ ನೀಲಿ. ಬಾಗಿಲ ಗಾಳಿಗೆ ತಂದು ಮೂಗಿಗೆ ಅಂಟಿದ ತುಪ್ಪಟದ ಎಳೆ ತೆಗೆದಳು. ಬೆನ್ನು ಉಜ್ಜಿದಳು, ಅಂಗಾಲು ತಟ್ಟಿದಳು. ಅಲುಗಲಿಲ್ಲ. ಕೂಸಿನ ಮೂಗು ಬಾಯಿ ಎರಡನ್ನೂ ತನ್ನ ಬಾಯಲ್ಲಿ ಮುಚ್ಚಿ, ಕೆನ್ನೆಯಲ್ಲಿರುವಷ್ಟೇ ಗಾಳಿಯನ್ನು ಮೆಲ್ಲಗೆ ಊದಿದಳು. ಒಂದು. ಎರಡು. ಮೂರನೆಯದಕ್ಕೆ ಎದೆ ಜಗ್ಗಿತು, ನಾಲ್ಕನೆಯದಕ್ಕೆ ಬೆಕ್ಕಿನ ಮರಿಯಂಥ ಕಿರುದನಿ. ಆಮೇಲೆ ಅಳು ಅಂದರೆ ಅಳು, ಮನೆ ಹಾರಿಹೋಗುವಂಥ ಅಳು.

ರಾಮಾಂಜಿನಮ್ಮ ಎದ್ದು ಕೂತು ಚೀರಿದಳು. ಹೆದರಿದ ಮನುಷ್ಯರ ಬಾಯಿಂದ ಏನು ಬರುತ್ತದೋ ಯಾರಿಗೆ ಗೊತ್ತು? ನಾಗಕ್ಕನ ಬಾಯಿಂದ ಬಂದದ್ದು ಇದು: "ಮಕ್ಳಿಲ್ದೋಳ ಕಣ್ಣು ಕಣೇ! ಬೆಳಿಗ್ಗೆ ಎರೆದು ಹೋದ್ಲು, ಮಧ್ಯಾಹ್ನಕ್ಕೆ ಇಂಗಾಯ್ತು!"

ಹೊನ್ನಕ್ಕನ ಮುಖಕ್ಕೆ ಹೊಡೆದಂತಾಯಿತು. ಆದರೆ ತಿರುಗಿ ಬಯ್ಯಲಿಲ್ಲ. ಹೊನ್ನಕ್ಕ ಬಯ್ಯಲಿಲ್ಲ ಅಂದರೆ ಹಟ್ಟಿಯಲ್ಲಿ ಯಾರೂ ನಂಬುವುದಿಲ್ಲ.

"ಮಗ್ಗುಲಾಗಿ ಮಲಗಿಸಿದ್ದಾ?" ಅಂತಷ್ಟೇ ನಾಗಕ್ಕನನ್ನು ಕೇಳಿದಳು.

"ಹಾಲು ಕಕ್ಕಿಕೊಳ್ತು ಕಣಕ್ಕ. ಅಂಗಾತ ಇದ್ರೆ ಗಂಟ್ಲಿಗೆ ಸಿಕ್ಕೊಳ್ತದೆ ಅಂತ ಮಗ್ಗುಲು ಮಾಡ್ದೆ. ಬೆನ್ನಿಗೆ ಸೀರೆ ಸುರುಳಿ ಸುತ್ತಿ ಒತ್ತಿಟ್ಟಿದ್ದೆ. ಕೈಕಾಲು ತಣ್ಣಗಿದ್ವು, ಅದ್ಕೇ ಕಂಬಳಿ ಸುತ್ತಿದ್ದು."

"ಎಳೆಗೂಸಿನ ಕೈಕಾಲು ತಣ್ಣಗೇ ಇರೋದು. ಎದೆ ಮುಟ್ಟಿ ನೋಡ್ಬೇಕು, ಕತ್ತಿನ ಹಿಂದೆ ಮುಟ್ಟಿ ನೋಡ್ಬೇಕು. ಬೆವರಿದ್ರೆ ಬಟ್ಟೆ ಕಮ್ಮಿ ಮಾಡು. ಅಂಗಾತ ಇದ್ರೆ ಕಕ್ಕಿದ್ದನ್ನ ಅದೇ ನುಂಗ್ತದೆ, ಇಲ್ಲಾ ಕೆಮ್ತದೆ. ಮಗ್ಗುಲಿಂದ ಬೋರಲಾಗೋಕೆ ಒಂದು ಕೊಸರಾಟ ಸಾಕು. ಬೋರಲಾದ್ಮೇಲೆ ಕೈ ಕಟ್ಟಿ ಹಾಕಿದ್ರೆ ಮುಖ ಹೆಂಗೆ ತಿರುಗಿಸ್ತದೆ ಹೇಳು?"

ನಾಗಕ್ಕ ಕಿಟಕಿಯ ಗೋಣಿಯನ್ನು ಕಿತ್ತೆಸೆದು, ಕೆಂಡದ ಮಡಕೆಯನ್ನು ಬರಿಗೈಯಲ್ಲೇ ಎತ್ತಲು ಹೋಗಿ ಬೆರಳು ಸುಟ್ಟುಕೊಂಡಳು.

"ಉಸಿರು ಬಂತು ಅಂತ ಸುಮ್ಕಿರೋ ಹಂಗಿಲ್ಲ. ಗಾಡಿ ಕಟ್ಟು ಓಬಯ್ಯ, ಡಾಕ್ಟ್ರಿಗೆ ತೋರಿಸ್ಬೇಕು," ಅಂದಳು ಹೊನ್ನಕ್ಕ. ಗಲಾಟೆ ಕೇಳಿ ಬಾಗಿಲಿಗೆ ಬಂದು ನಿಂತಿದ್ದ ಓಬಯ್ಯ ಎತ್ತುಗಳ ಕಡೆ ಓಡಿದ.

ಗಾಡಿ ಬುಕ್ಕಾಪಟ್ಟಣದ ದಾರಿ ಹಿಡಿಯಿತು. ಕೂಸು ತಾಯಿಯ ಮಡಿಲಲ್ಲಿ ತೆಳು ಬಟ್ಟೆಯೊಳಗೆ ಕೈಕಾಲು ಆಡಿಸುತ್ತಿತ್ತು. ಹೊನ್ನಕ್ಕ ಅದರ ಎದೆಯ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಒಂದು ಉಸಿರು ತಡವಾದರೆ ಬಗ್ಗಿ ನೋಡುವಳು, ಕೂಸು ಸೀನಿದರೆ ಬೆಚ್ಚುವಳು. ಒಣಹಳ್ಳ ದಾಟಿದ ಮೇಲೆ, ಯಾರೂ ಕೇಳದಿದ್ದರೂ, ಅವಳೇ ಬಾಯಿ ಬಿಟ್ಟಳು.

"ನಂಗೂ ಒಂದು ಹುಟ್ಟಿತ್ತು ನಾಗಿ. ನೀನಿನ್ನೂ ಲಂಗ ಉಡ್ತಿದ್ದೆ. ನಮ್ಮಪ್ಪನೂ ತುಪ್ಪಟದ ಹಾಸಿಗೆ ಮಾಡಿದ್ದ. ಹೊಟ್ಟೆನೋವಿಗೆ ಅಳ್ತದೆ ಅಂತ ಬೋರಲು ಹಾಕ್ದೋಳು ನಾನೇ. ಅಳು ನಿಂತೋಯ್ತು. ಅಬ್ಬ, ಮಲಗ್ತು ಅಂತ ನಾನೂ ಮಲಗ್ದೆ. ಬಾಲಗ್ರಹ ಅಂದ್ರು ಎಲ್ರೂ. ನಾನೂ ಅದೇ ಅಂದ್ಕೊಂಡಿದ್ದೆ, ಆ ನರ್ಸಮ್ಮ ಗೊಂಬೆ ತೋರ್ಸೋವರ್ಗೂ."

ಗಾಡಿ ಗಡಗಡ ಅನ್ನುತ್ತಿತ್ತು. ನಾಗಕ್ಕ ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಅಳುತ್ತಿದ್ದಳು. ರಾಮಾಂಜಿನಮ್ಮನೇ ಮೆಲ್ಲಗೆ ಕೇಳಿದಳು:

"ಅದ್ರ ಹೆಸರೇನತ್ತೆ?"

ಹೊನ್ನಕ್ಕ ಇನ್ನೊಂದು ಕೈಯ ಬೆರಳನ್ನು ಕೂಸಿನ ಕತ್ತಿನ ಹಿಂದೆ ಇಟ್ಟು ಬೆವರು ನೋಡಿದಳು.

"ಹೆಸರಿಡೋಕೆ ಇನ್ನೂ ಎರಡು ದಿನ ಇತ್ತು ಕಣವ್ವ."