ಎಂಟು ದಿನ ರಾಜನೇ ಬಿದ್ದಾಗ

ಕಾಲೇಜಿನ ಆ ಉದ್ದನೆಯ ವರಾಂಡ ಈಗಲೂ ನನ್ನ ಕನಸಿಗೆ ಬರುತ್ತದೆ. ತುದಿಯಲ್ಲಿ ಪ್ರಿನ್ಸಿಪಾಲರ ಕೋಣೆಯ ಹಸಿರು ಪರದೆ. ಅದರ ಕಡೆಗೆ ಬಿಳಿ ಪೇಟದ ಜವಾನ ನಿಧಾನವಾಗಿ ನಡೆಯುತ್ತಿದ್ದಾನೆ. ಅವನ ಕೈಯ ಕಾಗದಗಳ ಮೇಲುಗಡೆ ನಾನು ಬರೆದ ಲಕೋಟೆ ಇದೆ. ನಾನು ಓಡುತ್ತಿದ್ದೇನೆ. ಕನಸಿನಲ್ಲಿ ಒಮ್ಮೆಯೂ ಅವನನ್ನು ಮುಟ್ಟಿಲ್ಲ.

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳು. ದಂಡಿನ, ಅಂದರೆ ಕಂಟೋನ್ಮೆಂಟಿನ, ರಸ್ತೆಗಳಲ್ಲಿ ಸೈನ್ಯದ ಲಾರಿಗಳು. ನಾನು ಹಲಸೂರಿನ ನಮ್ಮ ಮನೆಯಿಂದ ಕಾಲೇಜಿಗೆ ನಡೆದು ಬರುತ್ತಿದ್ದೆ. ಗಣಿತದ ಆನರ್ಸ್‌ನಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡವರು ಇಬ್ಬರೇ, ನಾನು ಮತ್ತು ಫ್ರೇಜರ್ ಟೌನಿನ ಒಬ್ಬ ಗೆಳೆಯ. ಗೆಳೆಯ ಎಂದು ಬರೆದೆ. ಆಗಲೂ ಹಾಗೇ ಕರೆಯುತ್ತಿದ್ದೆ.

ಅವನದೆಲ್ಲವೂ ನನ್ನ ಹೊಟ್ಟೆ ಉರಿಸುತ್ತಿತ್ತು. ಗೀಟು ಹಾಕದ ಕಾಗದದ ಮೇಲೂ ನೇರವಾಗಿ ಹೋಗುವ ಅವನ ಅಕ್ಷರ. ನಾನು ಮೂರು ಸಲ ಒರೆಸಿ ಬರೆದ ಲೆಕ್ಕವನ್ನು ಅವನು ಬೆಂಚಿಗೆ ಒರಗಿ ಬಾಯಲ್ಲೇ ಹೇಳಿಬಿಡುವುದು. ಎಲ್ಲಕ್ಕಿಂತ ಹೆಚ್ಚಾಗಿ, ಇದರಲ್ಲಿ ಹೆಚ್ಚುಗಾರಿಕೆ ಇದೆ ಎಂದು ಅವನಿಗೆ ಗೊತ್ತೇ ಇಲ್ಲದಿರುವುದು. ಆ ವರ್ಷದ ಕೊನೆಗೆ ನಮ್ಮಿಬ್ಬರಲ್ಲಿ ಒಬ್ಬನನ್ನು ಕಲ್ಕತ್ತೆಗೆ, ವಿದ್ಯಾರ್ಥಿವೇತನದ ಮೇಲೆ ಸಂಖ್ಯಾಶಾಸ್ತ್ರದ ಹೆಚ್ಚಿನ ತರಬೇತಿಗೆ, ಕಾಲೇಜು ಶಿಫಾರಸು ಮಾಡುವುದಿತ್ತು. ಒಂದೇ ಸ್ಥಾನ. ನಮ್ಮ ಪ್ರಾಯೋಗಿಕ ಲೆಕ್ಕಗಳ ಪುಸ್ತಕ ನೋಡಿ ಸಂಖ್ಯಾಶಾಸ್ತ್ರದ ಮೇಷ್ಟ್ರು ಹೆಸರು ಬರೆಯುವವರಿದ್ದರು.

ಆ ಲೆಕ್ಕಗಳಿಗೆ ಇದ್ದದ್ದೂ ಒಂದೇ ಯಂತ್ರ. ಹಿಡಿ ತಿರುಗಿಸಿದರೆ ಕಟಕಟ ಎಂದು ಗುಣಿಸುವ, ಭಾಗಿಸುವ ಕಬ್ಬಿಣದ ಲೆಕ್ಕದ ಯಂತ್ರ. ಎರಡು ಗಂಟೆಗೆ ಕೋಣೆ ತೆರೆದರೆ ಐದಕ್ಕೆ ಬೀಗ. ಮೊದಲು ಕೂತವನು ತನ್ನ ಲೆಕ್ಕ ಮುಗಿಸಿಯೇ ಏಳುತ್ತಿದ್ದ. ಎರಡನೆಯವನಿಗೆ ಉಳಿದದ್ದು. ಅದಕ್ಕೇ ದಿನವೂ ಟಾಸ್. ಟಾಸ್ ಹಾಕುತ್ತಿದ್ದವನು ಕೋಣೆಯ ಜವಾನ, ಈಗ ಶಿವಾಜಿನಗರ ಎನ್ನುವ ಕಡೆಯವನು. ನಾವು ಅವನನ್ನು ಚಾಚಾ ಎನ್ನುತ್ತಿದ್ದೆವು. ಅವನ ಜೇಬಿನ ಅರ್ಧ ರೂಪಾಯಿ. ರಾಜನ ತಲೆ ಬಿದ್ದರೆ ಗೆಳೆಯ ಮೊದಲು, ಹೂವಿನ ಬಳ್ಳಿ ಬಿದ್ದರೆ ನಾನು. ಗೆದ್ದವನು ಯಂತ್ರದ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು.

ಬೇಸಿಗೆ ಹತ್ತಿರ ಬರುವಾಗ ರಾಜ ಬೀಳತೊಡಗಿದ. ಒಂದು ದಿನ, ಎರಡು, ಮೂರು. ನಾಲ್ಕನೆಯ ದಿನ ನಾನು ನಗುತ್ತಲೇ ಹೇಳಿದೆ: "ಇವತ್ತು ನಂದೇ ಕಣೋ, ಇನ್ನೆಷ್ಟು ದಿನ ನಿಂದು?"

ರಾಜ ಬಿದ್ದ.

ಐದು, ಆರು. ನಾಣ್ಯ ಮೇಲೆ ಹೋದಾಗ ನಾನು ನಾಣ್ಯ ನೋಡುವುದನ್ನು ಬಿಟ್ಟು ಚಾಚಾನ ಹೆಬ್ಬೆರಳು ನೋಡತೊಡಗಿದೆ. ಏಳನೆಯ ದಿನ ಗೆಳೆಯ ಹಿಡಿ ತಿರುಗಿಸುತ್ತ, "ಬೇಕಾದ್ರೆ ನೀನೇ ಕೂತ್ಕೊ ಗುರು, ನಂಗೇನು ಅವಸರ ಇಲ್ಲ" ಎಂದ.

"ನಿನ್ನ ಭಿಕ್ಷೆ ಯಾರಿಗೆ ಬೇಕು" ಎಂದೆ. ಅವನು ತಮಾಷೆ ಎಂದುಕೊಂಡು ನಕ್ಕ.

ಎಂಟನೆಯ ದಿನವೂ ರಾಜ. ಅಂದು ಸಂಜೆ ನನಗೆ ನೆನಪಾಯಿತು: ಹತ್ತು ಹನ್ನೆರಡು ದಿನದ ಹಿಂದೆ ಚಾಚಾನ ರೇಷನ್ ಕಾರ್ಡಿನ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ಇವನೇ. ಆಮೇಲೇ ಇದು ಶುರುವಾದದ್ದು. ಎಲ್ಲ ಒಂದಕ್ಕೊಂದು ಕೂಡಿತು. ಹಾಗೆ ಕೂಡಿದಾಗ ನನಗಾದ ಸಂತೋಷವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮನೆಯಲ್ಲಿ ಕೂತು ಪ್ರಿನ್ಸಿಪಾಲರಿಗೆ ಬರೆದೆ. ಜವಾನ ಒಬ್ಬ ವಿದ್ಯಾರ್ಥಿಯಿಂದ ಉಪಕಾರ ಪಡೆದು ಟಾಸ್‌ನಲ್ಲಿ ಕೈಚಳಕ ತೋರಿಸುತ್ತಿದ್ದಾನೆ. ಎಂಟು ಸಲ ಸತತವಾಗಿ ರಾಜ ಬೀಳುವ ಸಂಭವ ಇನ್ನೂರೈವತ್ತಾರರಲ್ಲಿ ಒಂದು. ಗುಣಾಕಾರವನ್ನೂ ಪತ್ರದಲ್ಲೇ ತೋರಿಸಿದೆ. ಆ ಪ್ರಿನ್ಸಿಪಾಲರು ವಿಚಾರಣೆ ಎಂಬ ಮಾತು ಕೇಳಿದವರಲ್ಲ. ಹಿಂದಿನ ವರ್ಷ ಒಂದು ಚಾಡಿಯ ಮೇಲೆ ತೋಟದವನನ್ನು ಅಂದು ಮಧ್ಯಾಹ್ನವೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ವಿದ್ಯಾರ್ಥಿಗಳ ಪತ್ರ ಮೇಷ್ಟ್ರ ಮೂಲಕ ಹೋಗಬೇಕೆಂಬ ನಿಯಮ. ಮರುದಿನ ಶನಿವಾರ. ಅಂದು ಕೋಣೆ ತೆರೆಯುತ್ತಿರಲಿಲ್ಲ, ಟಾಸೂ ಇರಲಿಲ್ಲ. ಮೇಷ್ಟ್ರು ಪತ್ರ ಓದಿದರು. ಮತ್ತೆ ಲಕೋಟೆಗೆ ಹಾಕಿ, ಮೇಜಿನ ಮೇಲಿನ ಟಪಾಲು ತಟ್ಟೆಯಲ್ಲಿಟ್ಟರು.

"ಇದನ್ನ ತಡೆಯೋ ಅಧಿಕಾರ ನನಗಿಲ್ಲಪ್ಪ. ನಾಲ್ಕು ಗಂಟೆಗೆ ಟಪಾಲು ಹೋಗತ್ತೆ. ಅಷ್ಟರೊಳಗೆ ವಾಪಸ್ ತಗೊಳ್ಳೋ ಅಧಿಕಾರ ನಿನಗಿದೆ."

"ಲೆಕ್ಕ ತಪ್ಪಾಗಿದೆಯಾ ಸಾರ್?"

"ಗುಣಾಕಾರ ಸರಿಯಾಗಿದೆ. ಕೇಳಿರೋ ಪ್ರಶ್ನೆ ಸರಿಯಿಲ್ಲ. ನೀನು ಎಂಟು ದಿನದ ಲೆಕ್ಕ ಮಾಡಿದೀಯ. ಈ ವರ್ಷ ಎಷ್ಟು ದಿನ ಟಾಸ್ ಹಾಕಿದೀರಿ?"

ಗೊತ್ತಿರಲಿಲ್ಲ. ಅವರು ಯಂತ್ರದ ರಿಜಿಸ್ಟರ್ ತಂದು ನನ್ನ ಮುಂದೆ ಇಟ್ಟರು. ಪಕ್ಕದಲ್ಲಿ ಒಂದು ತೆಳುವಾದ ಪುಸ್ತಕ. ಅದರ ತುಂಬ ಬರೀ ಅಂಕಿಗಳು, ಯಾವ ಕ್ರಮವೂ ಇಲ್ಲದಂತೆ ಸಿದ್ಧಮಾಡಿದ ಅಂಕಿಗಳ ಪಟ್ಟಿ.

"ಮೊದಲನೇ ಪುಟದಿಂದ ಬರಿ. ಅವನು ಗೆದ್ದ ದಿನ ಸೊನ್ನೆ, ನೀನು ಗೆದ್ದ ದಿನ ಗೀಟು. ಆಮೇಲೆ ಪುಸ್ತಕದ ಅಂಕಿಗಳನ್ನೂ ಹಾಗೇ ಬರಿ. ಸಮ ಬಂದರೆ ಸೊನ್ನೆ, ಬೆಸ ಬಂದರೆ ಗೀಟು. ಅಲ್ಲಿ ಯಾವ ಜವಾನನೂ ಇಲ್ಲ." ಹೀಗೆಂದು ಪಾಠಕ್ಕೆ ಹೋದರು.

ಮೊದಲು ರಿಜಿಸ್ಟರ್ ಬರೆದೆ. ನೂರ ಅರವತ್ತೆರಡು ದಿನ. ಅವನು ಎಂಬತ್ತನಾಲ್ಕು, ನಾನು ಎಪ್ಪತ್ತೆಂಟು. ನಾನು ಮನಸ್ಸಿನಲ್ಲಿ ಹೊತ್ತು ತಿರುಗುತ್ತಿದ್ದ ವ್ಯತ್ಯಾಸ ಇದಕ್ಕಿಂತ ಎಷ್ಟೋ ದೊಡ್ಡದು. ಸೊನ್ನೆ, ಗೀಟುಗಳ ಆ ಸಾಲು ಅಕ್ಕಿ ಚೆಲ್ಲಿದ ಹಾಗಿತ್ತು, ಇಲ್ಲೊಂದು ಗುಂಪು, ಅಲ್ಲೊಂದು ಬರಿ ಜಾಗ. ಒಂದೇ ಥರದವು ಒಟ್ಟಿಗೆ ಬಂದ ಸರಣಿಗಳನ್ನು ಎಣಿಸಿದೆ. ಎಂಬತ್ತೊಂದು. ಒಂದೇ ದಿನದ್ದು ನಲವತ್ತೊಂದು, ಎರಡರದ್ದು ಇಪ್ಪತ್ತು, ಮೂರರದ್ದು ಹತ್ತು, ನಾಲ್ಕರದ್ದು ಐದು, ಐದರದ್ದು ಎರಡು. ಪ್ರತಿ ಸಲವೂ ಹೆಚ್ಚು ಕಡಿಮೆ ಅರ್ಧ. ಸರಣಿ ಮುಂದುವರಿಯುವ ಸಂಭವ ಅರ್ಧ, ಮುರಿಯುವ ಸಂಭವ ಅರ್ಧ, ಅಷ್ಟೇ ಅದಕ್ಕೆ ಗೊತ್ತಿದ್ದದ್ದು. ಉದ್ದನೆಯವು ಮೂರೇ ಉಳಿದವು. ಆರರದ್ದು ಒಂದು, ಕೊನೆಯಲ್ಲಿ ಅವನ ಎಂಟು. ಇನ್ನೊಂದು, ಆಷಾಢದ ಹೊತ್ತಿನಲ್ಲಿ, ಏಳು ಗೀಟು.

ಏಳು ಗೀಟು ಎಂದರೆ ಏಳು ದಿನ ನಾನು. ಒಂದರ ಕೆಳಗೊಂದು ನನ್ನದೇ ಸಹಿ.

ನನಗೆ ಅದು ನೆನಪೇ ಇರಲಿಲ್ಲ. ರಿಜಿಸ್ಟರ್ ನೋಡಿದ ಮೇಲೆ ಮೆಲ್ಲಗೆ ಬಂತು. ಆ ವಾರ ಅವನು ಬೆಂಚಿನ ಮೇಲೆ ಕಾಲು ಚಾಚಿ, "ಈ ವಾರ ನಿಂದೇ ಬಿಡು ಮಗಾ, ನಾನು ನಿದ್ದೆ ಮಾಡ್ತೀನಿ" ಎಂದು ನಿಜವಾಗಿಯೂ ಮಲಗಿದ್ದ. ನನ್ನ ಏಳು ದಿನ ನನಗೆ ಬರಬೇಕಾದದ್ದು ಬಂದ ಹಾಗಿತ್ತು. ಅವನ ಎಂಟು ದಿನ ಕಳ್ಳತನ.

ಮುಖ ಬಿಸಿಯಾಯಿತು. ಆದರೂ ಹೊಟ್ಟೆಕಿಚ್ಚು ಸುಲಭವಾಗಿ ಬಿಡುವುದಿಲ್ಲ. ಏಳು ಬೇರೆ, ಎಂಟು ಬೇರೆ ಎಂದಿತು. ಅಂಕಿಗಳ ಪುಸ್ತಕ ತೆಗೆದೆ. ಸಮ, ಬೆಸ, ಸೊನ್ನೆ, ಗೀಟು. ಮೊದಲ ಪುಟದಲ್ಲೇ ಏಳು ಸೊನ್ನೆ. ಪುಟ ತಿರುಗಿಸಿ ಇನ್ನಷ್ಟು ಬರೆದೆ. ಎರಡನೆಯ ಪುಟದ ಕೆಳಗಡೆ ಬೆಸ ಅಂಕಿಗಳು ಬಂದವು, ಬಂದವು, ಬರುತ್ತಲೇ ಇದ್ದವು. ಒಂಬತ್ತು. ಯಾರಿಗೂ ರೇಷನ್ ಅರ್ಜಿ ಬರೆದುಕೊಡದ, ಯಾರ ಮೇಲೂ ಪ್ರೀತಿ ದ್ವೇಷ ಇಲ್ಲದ ಅಂಕಿಗಳು. ಆಗ ನನಗೆ ತಪ್ಪು ಪ್ರಶ್ನೆ ಯಾವುದೆಂದು ಹೊಳೆಯಿತು. ಈ ಎಂಟೇ ದಿನ ಎಂದು ಮೊದಲೇ ಆರಿಸಿಕೊಂಡಿದ್ದರೆ ಇನ್ನೂರೈವತ್ತಾರರಲ್ಲಿ ಒಂದು ಸರಿ. ಆದರೆ ಎಂಟು ದಿನದ ಸರಣಿ ನೂರೈವತ್ತೈದು ಕಡೆ ಶುರುವಾಗಬಹುದಿತ್ತು. ಎಲ್ಲಿ ಶುರುವಾಗಿದ್ದರೂ ನಾನು ಇದೇ ಪತ್ರ ಬರೆಯುತ್ತಿದ್ದೆ. ಇಷ್ಟು ದಿನದಲ್ಲಿ ಏಳೋ ಎಂಟೋ ಸಾಲಾಗಿ ಬರುವುದು ಆಶ್ಚರ್ಯವಲ್ಲ. ಎಲ್ಲೂ ಬರದೆ ನಯವಾಗಿ ಹಂಚಿಕೊಂಡಿದ್ದರೆ ಅದಕ್ಕೇ ಅನುಮಾನ ಪಡಬೇಕಿತ್ತು.

ಪತ್ರ ತೆಗೆದುಕೊಳ್ಳಲು ತಲೆ ಎತ್ತಿದೆ. ತಟ್ಟೆ ಖಾಲಿ.

ಗಡಿಯಾರದಲ್ಲಿ ಇನ್ನೂ ನಾಲ್ಕಕ್ಕೆ ಹತ್ತು ನಿಮಿಷ. ಚಾಚಾ ಬಂದು, ನನ್ನ ಮೊಣಕೈ ಪಕ್ಕದಿಂದಲೇ ಟಪಾಲು ಎತ್ತಿಕೊಂಡು ಹೋಗಿದ್ದಾನೆ. ಎಣಿಸುತ್ತಿದ್ದ ನಾನು ನೋಡಿಲ್ಲ. ಅವನಿಗೆ ಇಂಗ್ಲಿಷ್ ಓದಲು ಬಾರದು. ತನ್ನ ಕೆಲಸ ಕಳೆಯುವ ಕಾಗದವನ್ನು ತಾನೇ ಒಯ್ಯುತ್ತಿದ್ದಾನೆ.

ಓಡಿದೆ. ಅವನು ಹಸಿರು ಪರದೆಯ ಮುಂದೆ ನಿಂತು, ಒಳಗೆ ಹೋಗುವ ಮೊದಲು ಪೇಟ ಸರಿಮಾಡಿಕೊಳ್ಳುತ್ತಿದ್ದ. ಅದಕ್ಕೆ ಹಿಡಿದ ಸಮಯ ನನ್ನನ್ನು ಉಳಿಸಿತು. ಅವನನ್ನು ಮಾತ್ರವಲ್ಲ, ನನ್ನನ್ನೂ.

"ಚಾಚಾ, ಆ ಮೇಲಿರೋ ಲಕೋಟೆ ಕೊಡಿ."

"ಕ್ಯಾ ಸಾಬ್, ಇಷ್ಟು ದಮ್ಮು ಹತ್ಕೊಂಡು? ನಾನೇ ಕೊಡ್ತೀನಲ್ಲ, ದೊಡ್ಡ ಸಾಬ್ ಒಳಗೇ ಅವ್ರೆ."

"ಬೇಡ. ತಪ್ಪು ಬರ್ದಿದೀನಿ."

ಅವನು ಲಕೋಟೆಯನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. ಕೊಟ್ಟ. ಪರದೆಯ ಒಳಗಿನಿಂದ ಪ್ರಿನ್ಸಿಪಾಲರ ಕೆಮ್ಮು ಕೇಳಿಸಿತು. ಲಕೋಟೆಯನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಹಿಂದಿರುಗಿದೆ.

ಸಂಜೆ ಮೇಷ್ಟ್ರಿಗೆ ಸರಣಿಗಳ ಲೆಕ್ಕ ತೋರಿಸಿದೆ. "ಹಾಗಾದ್ರೆ ಚಾಚಾ ಮೋಸ ಮಾಡ್ಲಿಲ್ಲ ಅಂತ ಗೊತ್ತಾಯ್ತು ಸಾರ್" ಎಂದೆ.

"ಅದೂ ಗೊತ್ತಾಗ್ಲಿಲ್ಲ" ಎಂದರು ಅವರು. "ನೀನು ಸಾಕ್ಷಿ ಅಂತ ತಂದದ್ದು ಸಾಕ್ಷಿಯಲ್ಲ, ಅಷ್ಟೇ ಗೊತ್ತಾಯ್ತು. ಒಬ್ಬನ ಅನ್ನ ಕಳೆಯೋಕೆ ಅದು ಸಾಲದು."

ಸೋಮವಾರ ಮತ್ತೆ ಟಾಸ್. ನಾನು ಹೆಬ್ಬೆರಳು ನೋಡಲಿಲ್ಲ, ಕಿಟಕಿಯ ಕಡೆ ತಿರುಗಿ ನಿಂತೆ. ಎಂಟು ಸಲ ಬಿದ್ದಾಯಿತು, ಇವತ್ತಾದರೂ ಹೂವು ಬೀಳಲೇಬೇಕು ಎಂದು ಮನಸ್ಸು ಹೇಳಿತು. ನಾಣ್ಯಕ್ಕೆ ಹಿಂದಿನದು ನೆನಪಿಲ್ಲ ಎಂದು ಶನಿವಾರ ಕಲಿತದ್ದನ್ನು ನಾನೇ ಮನಸ್ಸಿಗೆ ಹೇಳಿದೆ.

"ರಾಜಾ" ಎಂದ ಚಾಚಾ. ಒಂಬತ್ತು.

ಕಲಿತದ್ದು ತಲೆಯಲ್ಲಿತ್ತು. ಹೊಟ್ಟೆಯೊಳಗೆ ಅದೇ ಉರಿ. ಮಂಗಳವಾರ ಹೂವು ಬಿತ್ತು. ಅದರಿಂದಲೂ ಸಮಾಧಾನವಾಗಲಿಲ್ಲ.

ಕಲ್ಕತ್ತೆಗೆ ಅವನೇ ಹೋದ. ಅವನ ಲೆಕ್ಕಗಳು ನನ್ನವಕ್ಕಿಂತ ಚೆನ್ನಾಗಿದ್ದವು, ನಾನು ಮೊದಲು ಕೂತ ದಿನಗಳಲ್ಲೂ. ಅವನನ್ನು ಕಳಿಸಿಕೊಡಲು ದಂಡಿನ ಸ್ಟೇಷನ್ನಿಗೆ ಹೋದೆ. ಚಾಚಾ ಮಸೀದಿ ರಸ್ತೆಯಿಂದ ರೊಟ್ಟಿ ಕಟ್ಟಿಸಿಕೊಂಡು ಬಂದಿದ್ದ. ಗೆಳೆಯ ಕಿಟಕಿಯಿಂದ ಕೈ ಚಾಚಿ, "ಯಂತ್ರ ಇನ್ನು ನಿನ್ನೊಬ್ಬಂದೇ ಕಣೋ, ಟಾಸ್ ತಾಪತ್ರಯ ಇಲ್ಲ" ಎಂದ. ಅವನ ಮಾತಿನಲ್ಲಿ ಕೊಂಕೇ ಇರಲಿಲ್ಲ. ಅದನ್ನೂ ನಾನು ಸಹಿಸಲಿಲ್ಲ.

ರೈಲು ಹೋದ ಮೇಲೆ ಚಾಚಾ ಮತ್ತು ನಾನು ಗೇಟಿನ ತನಕ ಒಟ್ಟಿಗೆ ನಡೆದೆವು.

"ಒಂದು ಮಾತು ಸಾಬ್, ಬೇಜಾರು ಮಾಡ್ಕೋಬೇಡಿ" ಎಂದ. "ಮಳೆಗಾಲದಾಗೆ ನಿಮ್ಗೂ ಏಳು ದಿನ ಬಿತ್ತು. ಆ ಸಾಬ್ ಒಂದು ದಿನಾನೂ ನನ್ನ ಕೈ ನೋಡ್ಲಿಲ್ಲ."

ನಾನು ನಿಂತುಬಿಟ್ಟೆ. ಅವನು ಜೇಬಿನಿಂದ ಆ ಅರ್ಧ ರೂಪಾಯಿ ತೆಗೆದು ಗೇಟಿನ ಬಳಿ ನಿಂತಿದ್ದ ಜಟಕಾದವನಿಗೆ ಕೊಟ್ಟು, ಚಿಲ್ಲರೆ ಎಣಿಸಿಕೊಂಡು, ನನಗೂ "ಹತ್ತಿ" ಎಂದು ಜಾಗ ಬಿಟ್ಟು ಕೂತ.